ಬ್ರೇಕ್ ದೀಪದ ಎರಡು ದೋಷಗಳು: ಪೆಡಲ್ ಸ್ವಿಚ್ಚಿನ ಹೊಂದಾಣಿಕೆ ಮತ್ತು ಬಲ್ಬ್ ಮಂಡಲದ ಪರೀಕ್ಷೆ

ಕಾರಿನ ಬ್ರೇಕ್ ದೀಪದಲ್ಲಿ ಕಂಡುಬರುವ ದೋಷಗಳು ಮುಖ್ಯವಾಗಿ ಎರಡು. ಪೆಡಲನ್ನು ಮುಟ್ಟದಿದ್ದರೂ ದೀಪವು ಉರಿಯುತ್ತಲೇ ಇರುವುದು ಮೊದಲನೆಯದು. ಪೆಡಲನ್ನು ಎಷ್ಟು ಒತ್ತಿದರೂ ದೀಪವು ಉರಿಯದಿರುವುದು ಎರಡನೆಯದು. ಇವೆರಡೂ ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ವಾಹನದವನಿಗೆ ಮಾತ್ರ ಕಾಣುತ್ತವೆ. ಸದಾ ಉರಿಯುವ ದೀಪವನ್ನು ಕಂಡು ಅವನು ಕೆಲವು ನಿಮಿಷಗಳಲ್ಲಿಯೇ ಅದನ್ನು ಲೆಕ್ಕಿಸುವುದನ್ನು ಬಿಡುತ್ತಾನೆ. ಎಂದೂ ಉರಿಯದ ದೀಪವು ಅವನಿಗೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹೀಗಾಗಿ ಎರಡು ದೋಷಗಳ ಪರಿಣಾಮವೂ ಒಂದೇ: ಮುಂದಿನ ವಾಹನ ನಿಲ್ಲುತ್ತಿರುವುದು ಹಿಂದಿನವನಿಗೆ ತಿಳಿಯುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 102ನೆಯ ನಿಯಮವು ನಿಲುಗಡೆಯ ದೀಪದ ವಿಷಯವನ್ನು ಹೇಳುತ್ತದೆ. ವಾಹನದ ಹಿಂಬದಿಯಲ್ಲಿ ಕೆಂಪು ದೀಪವಿರಬೇಕು ಮತ್ತು ಬ್ರೇಕನ್ನು ಪ್ರಯೋಗಿಸಿದಾಗ ಅದು ಉರಿಯಬೇಕು ಎಂಬುದು ಅದರ ಸಾರಾಂಶ.

ಪರಿಣಾಮ ಒಂದೇ ಆದರೂ ದೋಷದ ಮೂಲವನ್ನು ಹುಡುಕುವ ದಾರಿಗಳು ಬೇರೆ ಬೇರೆ. ದೀಪವು ಸದಾ ಉರಿಯುತ್ತಿದ್ದರೆ ಪೆಡಲಿನ ಕಡೆಯಿಂದ ಹುಡುಕಬೇಕು. ದೀಪವು ಉರಿಯುವುದೇ ಇಲ್ಲವೆಂದಾದರೆ ವಿದ್ಯುತ್ತಿನ ದಾರಿಯನ್ನು ಪರೀಕ್ಷಿಸಬೇಕು. ಈ ಭೇದವನ್ನು ತಿಳಿಯದೆ ಎರಡಕ್ಕೂ ಸ್ವಿಚ್ಚನ್ನೇ ತಿರುಗಿಸಲು ಹೊರಟರೆ, ದೀಪದ ದೋಷವನ್ನು ಸರಿಪಡಿಸುವ ಬದಲು ಬ್ರೇಕಿಗೇ ದೋಷವನ್ನು ತಂದುಕೊಂಡಂತಾಗುತ್ತದೆ. ಇದು ಹೇಗೆಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಇಲ್ಲಿ ಹೇಳಿರುವುದು 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಂತಹ ಸರಳ ರಚನೆಯ ಕಾರುಗಳಿಗೆ ಅನ್ವಯಿಸುತ್ತದೆ. ಅವುಗಳಲ್ಲಿ 12 ವೋಲ್ಟಿನ ಬ್ಯಾಟರಿ, ತಂತಿಯ ಬಲ್ಬು ಮತ್ತು ಪೆಡಲಿನ ಬಳಿ ಕೂರಿಸಿದ ತಿರುಪಿನ ಸ್ವಿಚ್ಚು ಇರುತ್ತವೆ. ಇತರ ಬಗೆಯ ವಾಹನಗಳ ವಿಷಯವನ್ನು ಕೊನೆಯ ಭಾಗದಲ್ಲಿ ಹೇಳಲಾಗಿದೆ.

1. ಸ್ವಿಚ್ಚು ಕೆಲಸ ಮಾಡುವ ಬಗೆ

ಚಾಲಕನ ಪಾದದ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗೆ, ಬ್ರೇಕ್ ಪೆಡಲಿನ ಸನ್ನೆಯು ಒಂದು ಲೋಹದ ಚೌಕಟ್ಟಿನಿಂದ ತೂಗುತ್ತಿರುತ್ತದೆ. ಅದೇ ಚೌಕಟ್ಟಿಗೆ ಬ್ರೇಕ್ ದೀಪದ ಸ್ವಿಚ್ಚನ್ನು ಕೂರಿಸಿರುತ್ತಾರೆ. ಬಿಡಿಭಾಗಗಳ ಅಂಗಡಿಗಳಲ್ಲಿ ಇದನ್ನು ಸ್ಟಾಪ್ ಲೈಟ್ ಸ್ವಿಚ್ ಎಂದು ಕೇಳಿದರೆ ಯಾವ ಊರಿನಲ್ಲಿಯೂ ತಿಳಿಯುತ್ತದೆ. ಸ್ವಿಚ್ಚಿನ ಮೈಮೇಲೆ ತಿರುಪಿನ ಎಳೆಗಳಿರುತ್ತವೆ. ಅದನ್ನು ಸ್ಥಳದಲ್ಲಿ ಬಿಗಿಹಿಡಿಯಲು ಲಾಕ್ ನಟ್ಟು ಇರುತ್ತದೆ. ತುದಿಯಲ್ಲಿ ಪ್ಲಂಜರ್ ಎಂಬ ಸಣ್ಣ ಒತ್ತುಕಡ್ಡಿ ಇರುತ್ತದೆ. ಒಳಗಿನ ಸ್ಪ್ರಿಂಗು ಈ ಕಡ್ಡಿಯನ್ನು ಯಾವಾಗಲೂ ಹೊರಕ್ಕೆ ನೂಕುತ್ತಿರುತ್ತದೆ.

ಕರೆಗಂಟೆಯ ಗುಂಡಿಯನ್ನು ಒತ್ತಿದಾಗ ಸಂಪರ್ಕ ಕೂಡುತ್ತದೆ, ಬಿಟ್ಟಾಗ ಕಡಿಯುತ್ತದೆ. ಬ್ರೇಕ್ ಸ್ವಿಚ್ಚಿನ ರೀತಿ ಇದಕ್ಕೆ ವಿರುದ್ಧ. ಇಲ್ಲಿ ಕಡ್ಡಿಯನ್ನು ಒತ್ತಿದಾಗ ಸಂಪರ್ಕ ಕಡಿಯುತ್ತದೆ, ಬಿಟ್ಟಾಗ ಕೂಡುತ್ತದೆ. ಪೆಡಲು ವಿಶ್ರಾಂತಿಯಲ್ಲಿರುವಾಗ ಅದರ ಸನ್ನೆಯು ಕಡ್ಡಿಯನ್ನು ಒಳಕ್ಕೆ ಒತ್ತಿಟ್ಟಿರುತ್ತದೆ. ಆದ್ದರಿಂದ ದೀಪ ಉರಿಯುವುದಿಲ್ಲ. ಚಾಲಕನು ಪೆಡಲನ್ನು ಒತ್ತಿದೊಡನೆ ಸನ್ನೆಯು ದೂರ ಸರಿಯುತ್ತದೆ, ಕಡ್ಡಿಯು ಹೊರಬರುತ್ತದೆ, ದೀಪ ಉರಿಯುತ್ತದೆ.

ಈ ರಚನೆಯಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಸನ್ನೆಯು ಯಾವ ಕಾರಣದಿಂದಲಾದರೂ ಕಡ್ಡಿಯನ್ನು ಪೂರ್ತಿ ಒತ್ತದೆ ಹೋದರೆ ದೀಪವು ತಾನಾಗಿಯೇ ಉರಿಯತೊಡಗುತ್ತದೆ. ಸ್ವಿಚ್ಚು ಪೂರ್ತಿ ಸರಿಯಾಗಿದ್ದಾಗಲೂ ಹೀಗಾಗಬಹುದು. ಆದ್ದರಿಂದ ದೀಪವು ಆರುತ್ತಿಲ್ಲ ಎಂಬ ಕಾರಣಕ್ಕೆ ಹೊಸ ಸ್ವಿಚ್ಚನ್ನು ಕೊಂಡು ಹಾಕುವುದು ಅನೇಕ ವೇಳೆ ವ್ಯರ್ಥ.

2. ದೀಪವು ಆರದಿದ್ದಾಗ ಮಾಡಬೇಕಾದ ಪರೀಕ್ಷೆ

ಕಾರನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಕೈಬ್ರೇಕನ್ನು ಎಳೆದು, ಚಕ್ರಗಳಿಗೆ ಅಡೆಕಲ್ಲನ್ನು ಇಡಬೇಕು. ಎಂಜಿನ್ನನ್ನು ನಿಲ್ಲಿಸಿರಬೇಕು. ಹಿಂಬದಿಯ ದೀಪವನ್ನು ನೋಡಿ ಹೇಳಲು ಇನ್ನೊಬ್ಬರು ಇದ್ದರೆ ಅನುಕೂಲ. ಒಬ್ಬರೇ ಇದ್ದರೆ ಸಂಜೆಯ ವೇಳೆಯಲ್ಲಿ ಕಾರಿನ ಹಿಂಭಾಗವನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಗೋಡೆಯ ಮೇಲೆ ಬೀಳುವ ಕೆಂಪು ಬೆಳಕನ್ನು ಕನ್ನಡಿಯಲ್ಲಿ ನೋಡಬಹುದು.

ಮೊದಲು, ಪೆಡಲಿನ ಕೆಳಗೆ ಪಾದವನ್ನು ಸೇರಿಸಿ ಅದನ್ನು ಮೆಲ್ಲಗೆ ಮೇಲಕ್ಕೆ ಎತ್ತಬೇಕು. ಆಗ ದೀಪ ಆರಿದರೆ ಪೆಡಲು ತಾನಾಗಿಯೇ ಪೂರ್ತಿ ಹಿಂದಿರುಗುತ್ತಿಲ್ಲ, ಇಲ್ಲವೆ ಸ್ವಿಚ್ಚು ತುಸು ದೂರ ಸರಿದಿದೆ ಎಂದು ಅರ್ಥ. ನೆಲಹಾಸು ಅಡ್ಡಬಂದಿದೆಯೇ, ಸನ್ನೆಯ ಅಚ್ಚು ಧೂಳು ಹಿಡಿದು ಬಿಗಿಯಾಗಿದೆಯೇ, ಪೆಡಲನ್ನು ಹಿಂದಕ್ಕೆಳೆಯುವ ಸ್ಪ್ರಿಂಗು ಕಳಚಿದೆಯೇ ಎಂಬುದನ್ನು ನೋಡಬೇಕು. ಪೆಡಲು ಸರಿಯಾಗಿ ಹಿಂದಿರುಗದಿರುವುದು ದೀಪದ ದೋಷಕ್ಕಿಂತ ದೊಡ್ಡ ದೋಷವಾದುದರಿಂದ, ಅದನ್ನು ಸರಿಪಡಿಸದೆ ಸ್ವಿಚ್ಚನ್ನು ಮುಟ್ಟಬಾರದು.

ಪೆಡಲನ್ನು ಎತ್ತಿದರೂ ದೀಪ ಆರದಿದ್ದರೆ, ಪ್ಲಂಜರನ್ನು ಬೆರಳಿನಿಂದ ಪೂರ್ತಿ ಒಳಕ್ಕೆ ಒತ್ತಬೇಕು. ದೀಪ ಆರಿತೆಂದರೆ ಸ್ವಿಚ್ಚು ಸರಿಯಾಗಿದೆ. ಸನ್ನೆಯು ಕಡ್ಡಿಯನ್ನು ಮುಟ್ಟುತ್ತಿಲ್ಲ ಎಂಬುದಷ್ಟೇ ದೋಷ. ಆರದಿದ್ದರೆ ಸ್ವಿಚ್ಚಿಗೆ ಸೇರಿಸಿರುವ ತಂತಿಗಳ ಕನೆಕ್ಟರನ್ನು ಕಳಚಬೇಕು. ಕಳಚಿದೊಡನೆ ದೀಪ ಆರಿದರೆ ಸ್ವಿಚ್ಚಿನ ಒಳಗಿನ ಸಂಪರ್ಕಗಳು ಬೆಸೆದುಕೊಂಡಿವೆ. ಹೊಸ ಸ್ವಿಚ್ಚು ಬೇಕು. ಕಳಚಿದ ಮೇಲೂ ದೀಪ ಉರಿಯುತ್ತಿದ್ದರೆ ಸ್ವಿಚ್ಚಿಗೂ ದೋಷಕ್ಕೂ ಸಂಬಂಧವಿಲ್ಲ. ಬೇರೆ ಯಾವುದೋ ತಂತಿಯಿಂದ ವಿದ್ಯುತ್ತು ಬ್ರೇಕ್ ದೀಪದ ದಾರಿಯನ್ನು ಸೇರುತ್ತಿದೆ.

ಈ ಕೊನೆಯ ಸಂದರ್ಭದಲ್ಲಿ ಒಂದು ಸುಳಿವನ್ನು ಗಮನಿಸಬೇಕು. ಪಾರ್ಕಿಂಗ್ ದೀಪಗಳನ್ನು ಹಾಕಿದಾಗ ಮಾತ್ರ ಬ್ರೇಕ್ ದೀಪಗಳೂ ಉರಿದು, ಆರಿಸಿದಾಗ ಅವೂ ಆರಿದರೆ, ದೋಷವು ಹಿಂಬದಿಯ ಬಲ್ಬಿನಲ್ಲಿದೆ. ಅದರ ವಿವರಣೆಯು ನಾಲ್ಕನೆಯ ಭಾಗದಲ್ಲಿದೆ.

ಒಂದು ಉದಾಹರಣೆ

ಮುಂಬಯಿಯ ವಸತಿ ಸಂಕೀರ್ಣವೊಂದರಲ್ಲಿ ರಾತ್ರಿ ಒಂಬತ್ತು ಗಂಟೆಗೆ ನಿಲ್ಲಿಸಿದ ಸಣ್ಣ ಕಾರೊಂದು ಬೆಳಿಗ್ಗೆ ಏಳು ಗಂಟೆಗೆ ಚಾಲೂ ಆಗಲಿಲ್ಲವೆಂದು ಇಟ್ಟುಕೊಳ್ಳೋಣ. ಬ್ಯಾಟರಿಯು ಪೂರ್ತಿ ಇಳಿದಿದೆ. ಅದನ್ನು ಚಾರ್ಜು ಮಾಡಿಸಿ ಜೋಡಿಸಿದೊಡನೆ ಹಿಂಬದಿಯ ಎರಡೂ ಬ್ರೇಕ್ ದೀಪಗಳು ಉರಿಯತೊಡಗುತ್ತವೆ. ಕೀಲಿಯನ್ನು ತೆಗೆದರೂ ಆರುವುದಿಲ್ಲ. ಏಕೆಂದರೆ ಅನೇಕ ಕಾರುಗಳಲ್ಲಿ ಬ್ರೇಕ್ ದೀಪದ ವಿದ್ಯುತ್ತು ಕೀಲಿಯ ಮೂಲಕ ಹಾಯುವುದಿಲ್ಲ.

ಬ್ಯಾಟರಿ ಇಳಿದುದಕ್ಕೆ ಇದೇ ಕಾರಣವೇ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಂದೊಂದು ಬ್ರೇಕ್ ದೀಪದ ಶಕ್ತಿ 21 ವಾಟ್; ಎರಡು ಸೇರಿ 42 ವಾಟ್. ಇದನ್ನು 12 ವೋಲ್ಟಿನಿಂದ ಭಾಗಿಸಿದರೆ ಮೂರೂವರೆ ಆಂಪಿಯರ್. ಹತ್ತು ಗಂಟೆಗಳ ಕಾಲ ಉರಿದರೆ 35 ಆಂಪಿಯರ್-ಗಂಟೆ. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೂ ಸಾಮಾನ್ಯವಾಗಿ ಇಷ್ಟೇ. ಬ್ಯಾಟರಿ ಇಳಿದಂತೆ ದೀಪಗಳು ಮಂದವಾಗಿ ಬಳಕೆಯೂ ಕಡಿಮೆಯಾಗುವುದುಂಟು. ಆದರೆ ಎಂಜಿನ್ನನ್ನು ತಿರುಗಿಸುವ ಶಕ್ತಿಯು ಬ್ಯಾಟರಿ ಬರಿದಾಗುವುದಕ್ಕೆ ಬಹಳ ಮೊದಲೇ ಹೋಗಿಬಿಡುತ್ತದೆ. ಒಂದೇ ರಾತ್ರಿಯಲ್ಲಿ ಹೀಗಾದುದು ಆಶ್ಚರ್ಯವಲ್ಲ. ಹೊಸ ಬ್ಯಾಟರಿಯನ್ನು ಕೊಂಡರೂ ಮರುದಿನ ಅದೇ ಗತಿ.

ಈಗ ಮೇಲಿನ ಪರೀಕ್ಷೆಗಳನ್ನು ಅನುಕ್ರಮವಾಗಿ ಮಾಡೋಣ. ಪೆಡಲನ್ನು ಎತ್ತಿದರೆ ದೀಪ ಆರುವುದಿಲ್ಲ. ಪ್ಲಂಜರನ್ನು ಬೆರಳಿನಿಂದ ಒತ್ತಿದರೆ ಆರುತ್ತದೆ. ಆದ್ದರಿಂದ ಸ್ವಿಚ್ಚು ಸರಿಯಾಗಿದೆ. ಟಾರ್ಚಿನ ಬೆಳಕಿನಲ್ಲಿ ನೋಡಿದಾಗ ಸನ್ನೆಯಲ್ಲಿ ಪ್ಲಂಜರಿಗೆ ಎದುರಾಗಿ ಒಂದು ಗುಂಡನೆಯ ತೂತು ಕಾಣುತ್ತದೆ. ಪ್ಲಂಜರು ಆ ತೂತಿನೊಳಗೆ ತೂರಿಕೊಂಡು ನಿಂತಿದೆ. ನೆಲಹಾಸಿನ ಮೇಲೆ ಪ್ಲಾಸ್ಟಿಕ್ಕಿನ ನಾಲ್ಕಾರು ಚೂರುಗಳು ಬಿದ್ದಿವೆ.

ಆ ಚೂರುಗಳೇ ದೋಷದ ಮೂಲ. ಅನೇಕ ಕಾರುಗಳಲ್ಲಿ ಸನ್ನೆಯ ಆ ತೂತಿಗೆ ಪ್ಲಾಸ್ಟಿಕ್ಕಿನ ಅಥವಾ ರಬ್ಬರಿನ ಗುಂಡಿಯೊಂದನ್ನು ಕೂರಿಸಿರುತ್ತಾರೆ. ಪ್ಲಂಜರನ್ನು ಒತ್ತುವುದು ಈ ಗುಂಡಿಯೇ. ವರ್ಷಗಳು ಕಳೆದಂತೆ ಬಿಸಿಲಿನ ಶಾಖಕ್ಕೆ ಅದು ಗಡುಸಾಗಿ, ಒಂದು ದಿನ ಪುಡಿಯಾಗಿ ಉದುರುತ್ತದೆ. ನೆಲದ ಮೇಲಿನ ಚೂರುಗಳನ್ನು ಕಸವೆಂದು ಗುಡಿಸಿಬಿಟ್ಟರೆ ಕಾರಣ ಹೊಳೆಯುವುದೇ ಇಲ್ಲ. ಹೊಸ ಗುಂಡಿಯನ್ನು ತೂತಿಗೆ ಒತ್ತಿ ಕೂರಿಸಿದರೆ ಕೆಲಸ ಮುಗಿಯಿತು; ಸ್ವಿಚ್ಚನ್ನು ತಿರುಗಿಸುವ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ. ಗುಂಡಿ ದೊರೆಯುವವರೆಗೆ ಆ ತೂತಿಗೆ ಹೊಂದುವ ಗಿಡ್ಡ ಬೋಲ್ಟನ್ನು, ಅದರ ಚಪ್ಪಟೆ ತಲೆ ಪ್ಲಂಜರಿನ ಕಡೆಗಿರುವಂತೆ ತೂರಿಸಿ, ಹಿಂದಿನಿಂದ ನಟ್ಟು ಹಾಕಿ ಬಿಗಿಯಬಹುದು. ಸನ್ನೆಗೂ ಸ್ವಿಚ್ಚಿಗೂ ನಡುವೆ ನಾಣ್ಯ, ಕಟ್ಟಿಗೆಯ ಚೂರು, ಮಡಿಸಿದ ರಟ್ಟು ಮುಂತಾದುವನ್ನು ಸಿಕ್ಕಿಸಬಾರದು. ಅವು ಜಾರಿ ಕೆಳಗೆ ಬಿದ್ದು ಪೆಡಲುಗಳ ಚಲನೆಗೆ ಅಡ್ಡಬರಬಹುದು.

3. ಸ್ವಿಚ್ಚಿನ ಹೊಂದಾಣಿಕೆ

ಗುಂಡಿ ಸರಿಯಾಗಿದ್ದು, ಪೆಡಲು ಪೂರ್ತಿ ಹಿಂದಿರುಗುತ್ತಿದ್ದು, ಆದರೂ ಪ್ಲಂಜರು ಪೂರ್ತಿ ಒತ್ತಲ್ಪಡದಿದ್ದರೆ ಹೊಂದಾಣಿಕೆ ಬೇಕು. ಲಾಕ್ ನಟ್ಟು ಸಡಿಲವಾಗಿ ಸ್ವಿಚ್ಚು ಹಿಂದಕ್ಕೆ ಸರಿದಿರುವುದು, ಪೆಡಲಿನ ಕೆಲಸವನ್ನು ಮಾಡಿಸಿದ ಮೇಲೆ ಸ್ವಿಚ್ಚನ್ನು ಮೊದಲಿನಂತೆ ಕೂರಿಸದಿರುವುದು ಇದಕ್ಕೆ ಸಾಮಾನ್ಯ ಕಾರಣಗಳು.

ಮೊದಲು ಸ್ವಿಚ್ಚಿನ ಕನೆಕ್ಟರನ್ನು ಕಳಚಬೇಕು. ಹಾಗೆ ಮಾಡದೆ ಸ್ವಿಚ್ಚನ್ನು ತಿರುಗಿಸಿದರೆ ತಂತಿಗಳೂ ಜೊತೆಗೆ ತಿರುಚಿಕೊಂಡು ಒಳಗೆ ಮುರಿಯುತ್ತವೆ. ಅನಂತರ ತಕ್ಕ ಅಳತೆಯ ಸ್ಪ್ಯಾನರಿನಿಂದ ಲಾಕ್ ನಟ್ಟನ್ನು ಸಡಿಲಿಸಬೇಕು. ಪೆಡಲನ್ನು ಕೈಯಿಂದ ತನ್ನ ಕಡೆಗೆ ಎಳೆದು ಹಿಡಿದು, ಸ್ವಿಚ್ಚನ್ನು ಒಂದು ಸಲಕ್ಕೆ ಅರ್ಧ ಸುತ್ತಿನಂತೆ ಸನ್ನೆಯ ಕಡೆಗೆ ತಿರುಗಿಸುತ್ತ ಹೋಗಬೇಕು. ಪ್ಲಂಜರು ಒಳಗೆ ಹೋಗಿ, ಸ್ವಿಚ್ಚಿನ ತಿರುಪಿನ ತುದಿಗೂ ಸನ್ನೆಯ ಗುಂಡಿಗೂ ನಡುವೆ ಸಣ್ಣ ಸಂದು ಉಳಿದಾಗ ನಿಲ್ಲಿಸಬೇಕು. ಈ ಸಂದಿನ ಅಳತೆಯನ್ನು ಆಯಾ ಕಾರಿನ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಅರ್ಧದಿಂದ ಒಂದು ಮಿಲಿಮೀಟರ್. ಫೀಲರ್ ಗೇಜಿನ ಪಟ್ಟಿಯನ್ನು ತೂರಿಸಿ ಅಳೆಯುವುದು ಸರಿಯಾದ ಕ್ರಮ. ಆಮೇಲೆ ಸ್ವಿಚ್ಚು ಅಲುಗದಂತೆ ಹಿಡಿದು ಲಾಕ್ ನಟ್ಟನ್ನು ಬಿಗಿಯಬೇಕು. ಬಿಗಿಯುವಾಗ ಸ್ವಿಚ್ಚು ತಾನೂ ತಿರುಗುವುದುಂಟು. ಆದ್ದರಿಂದ ಸಂದನ್ನು ಇನ್ನೊಮ್ಮೆ ಅಳೆದು ನೋಡಿಯೇ ಕನೆಕ್ಟರನ್ನು ಸೇರಿಸಬೇಕು.

ಈ ಸಂದು ಏಕೆ ಬೇಕು? ಸ್ವಿಚ್ಚನ್ನು ಅತಿಯಾಗಿ ಮುಂದಕ್ಕೆ ತಿರುಗಿಸಿದರೆ ದೀಪವೇನೋ ಆರುತ್ತದೆ. ಆದರೆ ಸನ್ನೆಯು ಸ್ವಿಚ್ಚಿನ ಗಟ್ಟಿ ಮೈಗೆ ಒರಗಿ ನಿಲ್ಲುತ್ತದೆ. ಅಂದರೆ ಪೆಡಲು ಪೂರ್ತಿ ಹಿಂದಿರುಗದೆ, ಯಾರೋ ಸದಾ ತುಸು ಒತ್ತಿ ಹಿಡಿದಂತೆ ಇರುತ್ತದೆ. ಮಾಸ್ಟರ್ ಸಿಲಿಂಡರಿನಲ್ಲಿ ಬ್ರೇಕ್ ಎಣ್ಣೆಯು ಮರಳಿ ತೊಟ್ಟಿಯನ್ನು ಸೇರಲು ಒಂದು ಸೂಕ್ಷ್ಮ ರಂಧ್ರವಿರುತ್ತದೆ. ಪೆಡಲು ಪೂರ್ತಿ ಹಿಂದಿರುಗಿದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ. ಪೆಡಲು ಅರೆಯಲ್ಲಿ ನಿಂತರೆ ರಂಧ್ರ ಮುಚ್ಚಿಯೇ ಇರುತ್ತದೆ. ಕಾರು ಓಡಿದಂತೆ ಬ್ರೇಕುಗಳು ಬಿಸಿಯಾಗಿ ಎಣ್ಣೆಯು ಹಿಗ್ಗುತ್ತದೆ. ಹಿಗ್ಗಿದ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಅದು ಬ್ರೇಕನ್ನೇ ಇನ್ನಷ್ಟು ಒತ್ತುತ್ತದೆ. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ. ಕೊನೆಗೆ ಚಕ್ರಗಳು ಹಿಡಿದುಕೊಳ್ಳುತ್ತವೆ, ಇಲ್ಲವೆ ಅತಿಯಾದ ಶಾಖದಿಂದ ಬ್ರೇಕು ತನ್ನ ಹಿಡಿತವನ್ನೇ ಕಳೆದುಕೊಳ್ಳುತ್ತದೆ.

ಆದ್ದರಿಂದ ಹೊಂದಾಣಿಕೆಯ ಅನಂತರ ಮೂರು ವಿಷಯಗಳನ್ನು ನೋಡಲೇಬೇಕು. ಒಂದು, ಪೆಡಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಆರಂಭದಲ್ಲಿ ಬಿಗಿಯಿಲ್ಲದ ಸ್ವಲ್ಪ ಸಡಿಲು ಚಲನೆ ಮೊದಲಿನಂತೆಯೇ ಇರಬೇಕು. ಎರಡು, ಆ ಸಡಿಲು ಮುಗಿದು ಬ್ರೇಕು ಹಿಡಿಯತೊಡಗುವ ವೇಳೆಗೆ ದೀಪ ಉರಿದಿರಬೇಕು. ಪೆಡಲು ಅರ್ಧ ಕೆಳಗಿಳಿದ ಮೇಲೆ ಉರಿದರೆ ಸ್ವಿಚ್ಚು ಸನ್ನೆಗೆ ಅತಿ ಸಮೀಪದಲ್ಲಿದೆ. ಮೂರು, ಕೆಲವು ಕಿಲೋಮೀಟರ್ ಓಡಿಸಿ ಬಂದ ಮೇಲೆ, ಕೈಬ್ರೇಕನ್ನು ಬಿಟ್ಟು ಸಮತಟ್ಟಾದ ನೆಲದಲ್ಲಿ ನೂಕಿದರೆ ಕಾರು ಸರಾಗವಾಗಿ ಉರುಳಬೇಕು. ಬಿಗಿಯಾಗಿ ತಡೆದರೆ ಅಥವಾ ಚಕ್ರದ ಬಳಿ ಸುಟ್ಟ ವಾಸನೆ ಬಂದರೆ ಕಾರನ್ನು ಮುಂದೆ ಓಡಿಸದೆ ಸ್ವಿಚ್ಚನ್ನು ಹಿಂದಕ್ಕೆ ತಿರುಗಿಸಿ ಸಂದನ್ನು ಮತ್ತೆ ಅಳೆಯಬೇಕು.

4. ದೀಪವು ಉರಿಯದಿದ್ದಾಗ

ಇಲ್ಲಿ ಸ್ವಿಚ್ಚಿನ ಹೊಂದಾಣಿಕೆಯು ಕಾರಣವಾಗುವುದು ಅಪರೂಪ. ಹೊಂದಾಣಿಕೆ ಕೆಟ್ಟರೆ ದೀಪ ತಡವಾಗಿ ಉರಿಯಬಹುದೇ ಹೊರತು, ಪೆಡಲನ್ನು ಪೂರ್ತಿ ಒತ್ತಿದರೂ ಉರಿಯದಿರುವುದಿಲ್ಲ. ವಿದ್ಯುತ್ತು ಬ್ಯಾಟರಿಯಿಂದ ಹೊರಟು ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಉದ್ದನೆಯ ತಂತಿಯಲ್ಲಿ ಕಾರಿನ ಹಿಂಭಾಗಕ್ಕೆ ಹೋಗಿ, ಎರಡು ಕವಲುಗಳಾಗಿ ಬಲ್ಬುಗಳನ್ನು ಹಾದು, ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಈ ಕೊನೆಯ ಸಂಪರ್ಕವನ್ನು ಗ್ಯಾರೇಜುಗಳಲ್ಲಿ ಅರ್ಥಿಂಗ್ ಎನ್ನುತ್ತಾರೆ. ಈ ದಾರಿಯಲ್ಲಿ ಎಲ್ಲಿ ಕಡಿತವಾಗಿದೆ ಎಂಬುದನ್ನು ಹುಡುಕಬೇಕು.

ಒಂದು ದೀಪ ಮಾತ್ರ ಉರಿಯದಿದ್ದರೆ ಫ್ಯೂಸು, ಸ್ವಿಚ್ಚು ಎರಡೂ ಸರಿಯಾಗಿವೆ. ಆ ಕಡೆಯ ಬಲ್ಬು, ಹೋಲ್ಡರು ಅಥವಾ ಅರ್ಥಿಂಗ್ ಕೆಟ್ಟಿದೆ. ಎರಡೂ ದೀಪಗಳು ಉರಿಯದಿದ್ದರೆ ಎರಡಕ್ಕೂ ಸಮಾನವಾದ ಭಾಗದಲ್ಲಿ ದೋಷವಿರುವ ಸಂಭವ ಹೆಚ್ಚು. ಆದರೆ ಬಲ್ಬುಗಳನ್ನು ಮೊದಲು ನೋಡಿಬಿಡುವುದೇ ಜಾಣತನ. ಒಂದು ಬಲ್ಬು ತಿಂಗಳ ಹಿಂದೆಯೇ ಸುಟ್ಟಿದ್ದು, ಅದನ್ನು ಯಾರೂ ಗಮನಿಸದೆ, ಈಗ ಎರಡನೆಯದೂ ಸುಟ್ಟಿರಬಹುದು.

ಬಲ್ಬುಗಳು ಸರಿಯಾಗಿದ್ದರೆ ಫ್ಯೂಸನ್ನು ನೋಡಬೇಕು. ಯಾವ ಫ್ಯೂಸು ಎಂಬುದನ್ನು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದಿರುತ್ತದೆ. ಕೆಲವು ಕಾರುಗಳಲ್ಲಿ ಹಾರ್ನಿಗೂ ಬ್ರೇಕ್ ದೀಪಕ್ಕೂ ಒಂದೇ ಫ್ಯೂಸಿರುತ್ತದೆ. ಅಂತಹ ಕಾರಿನಲ್ಲಿ ಹಾರ್ನೂ ಮೂಕವಾಗಿದ್ದರೆ ಅನುಮಾನವೇ ಬೇಡ. ಸುಟ್ಟ ಫ್ಯೂಸಿನ ಬದಲಿಗೆ ಅದೇ ಆಂಪಿಯರಿನ ಹೊಸದನ್ನು ಹಾಕಬೇಕು. ತಂತಿಯನ್ನೋ ಸಿಗರೇಟಿನ ಬೆಳ್ಳಿಕಾಗದವನ್ನೋ ಸುತ್ತಿದರೆ ಸುಡುವುದು ಫ್ಯೂಸಲ್ಲ, ಕಾರಿನ ಒಳಗಿನ ತಂತಿಗಳು. ಹೊಸ ಫ್ಯೂಸು ಪೆಡಲನ್ನು ಒತ್ತಿದೊಡನೆ ಸುಟ್ಟರೆ, ಸ್ವಿಚ್ಚಿನಿಂದ ಹಿಂದಕ್ಕೆ ಹೋಗುವ ತಂತಿಯು ಎಲ್ಲಿಯೋ ಸವೆದು ಲೋಹಕ್ಕೆ ತಗುಲುತ್ತಿದೆ. ಡಿಕ್ಕಿಯ ಬಾಗಿಲಿನ ಕೀಲಿನ ಬಳಿ ತಂತಿಗಳು ಮಡಚಿಕೊಳ್ಳುವ ಸ್ಥಳವನ್ನು ಮೊದಲು ನೋಡಬೇಕು.

ಫ್ಯೂಸು ಸರಿಯಾಗಿದ್ದರೆ ಸ್ವಿಚ್ಚಿನ ಬಳಿಯಲ್ಲಿ ದಾರಿಯನ್ನು ಎರಡು ಭಾಗ ಮಾಡಿ ಪರೀಕ್ಷಿಸಬೇಕು. ಕನೆಕ್ಟರನ್ನು ಕಳಚಿ, ಅದರ ಎರಡು ತಂತಿಗಳನ್ನು ಒಂದು ತುಂಡು ತಂತಿಯಿಂದ ಪರಸ್ಪರ ಕೂಡಿಸಬೇಕು. ದೀಪಗಳು ಉರಿದರೆ ಮಿಕ್ಕ ದಾರಿಯೆಲ್ಲ ಸರಿಯಾಗಿದೆ, ಸ್ವಿಚ್ಚೇ ಕೆಟ್ಟಿದೆ. ಉರಿಯದಿದ್ದರೆ ಪರೀಕ್ಷಾದೀಪದ ಒಂದು ತುದಿಯನ್ನು ಕಾರಿನ ಲೋಹದ ಮೈಗೆ ಹಿಡಿದು, ಇನ್ನೊಂದನ್ನು ಕನೆಕ್ಟರಿನ ಎರಡು ತಂತಿಗಳಿಗೂ ಒಂದೊಂದಾಗಿ ಮುಟ್ಟಿಸಬೇಕು. ಯಾವುದರಲ್ಲಿಯೂ ಉರಿಯದಿದ್ದರೆ ಬ್ಯಾಟರಿಯಿಂದ ಸ್ವಿಚ್ಚಿನವರೆಗಿನ ಭಾಗದಲ್ಲಿ ಕಡಿತವಿದೆ. ಒಂದರಲ್ಲಿ ಉರಿದರೆ ಅಲ್ಲಿಯವರೆಗೆ ವಿದ್ಯುತ್ತು ಬಂದಿದೆ. ಕಡಿತವು ಸ್ವಿಚ್ಚಿನಿಂದ ಹಿಂದಕ್ಕೆ, ಬಲ್ಬಿನ ಕಡೆಗಿದೆ. ಕೆಲವು ಕಾರುಗಳಲ್ಲಿ ಕೀಲಿಯನ್ನು ತಿರುಗಿಸಿದರೆ ಮಾತ್ರ ಇಲ್ಲಿಗೆ ವಿದ್ಯುತ್ತು ಬರುತ್ತದೆ. ಆದ್ದರಿಂದ ಪರೀಕ್ಷೆಯ ವೇಳೆ ಕೀಲಿಯನ್ನು ತಿರುಗಿಸಿಟ್ಟಿರುವುದು ಲೇಸು.

ಪರೀಕ್ಷಾದೀಪವೆಂದರೆ ದೊಡ್ಡ ಉಪಕರಣವೇನೂ ಅಲ್ಲ. 12 ವೋಲ್ಟಿನ 21 ವಾಟ್ ಬಲ್ಬಿಗೆ ಎರಡು ತಂತಿಗಳನ್ನು ಜೋಡಿಸಿದರೆ ಸಾಕು. ಈ ಕೆಲಸಕ್ಕೆ ಮೀಟರಿಗಿಂತ ಇದೇ ಹೆಚ್ಚು ನಂಬಿಕೆಗೆ ಅರ್ಹ. ತುಕ್ಕು ಹಿಡಿದ ಸಂಪರ್ಕದ ಮೂಲಕವೂ ಮೀಟರು 12 ವೋಲ್ಟನ್ನು ತೋರಿಸಿಬಿಡುತ್ತದೆ. ಏಕೆಂದರೆ ಮೀಟರಿಗೆ ಬೇಕಾದ ವಿದ್ಯುತ್ತು ಅತ್ಯಲ್ಪ. ಬಲ್ಬಿಗೆ ಸುಮಾರು ಒಂದೂ ಮುಕ್ಕಾಲು ಆಂಪಿಯರ್ ಬೇಕು. ಕೆಟ್ಟ ಸಂಪರ್ಕವು ಅದನ್ನು ಹಾಯಗೊಡದೆ, ಬಲ್ಬು ಮಿಣುಕುತ್ತ ದೋಷವನ್ನು ತೋರಿಸಿಕೊಡುತ್ತದೆ.

ಬಲ್ಬು ಮತ್ತು ಅರ್ಥಿಂಗ್

ಹಿಂಬದಿಯ ದೀಪದಲ್ಲಿ ಅನೇಕ ಕಾರುಗಳು ಒಂದೇ ಬಲ್ಬಿನೊಳಗೆ ಎರಡು ತಂತುಗಳನ್ನು ಬಳಸುತ್ತವೆ. 5 ವಾಟ್ ತಂತು ರಾತ್ರಿಯ ಹಿಂದೀಪಕ್ಕೆ, 21 ವಾಟ್ ತಂತು ಬ್ರೇಕ್ ದೀಪಕ್ಕೆ. ಬಲ್ಬಿನ ಬುಡದಲ್ಲಿ ಎರಡು ಸಂಪರ್ಕ ಬಿಂದುಗಳಿರುತ್ತವೆ. ಬದಿಯ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ. ಬಲ್ಬನ್ನು ತಿರುವುಮುರುವಾಗಿ ಕೂರಿಸದಿರಲೆಂದೇ ಈ ಏರ್ಪಾಡು. ಬಲವಂತದಿಂದ ಹಾಗೆ ಕೂರಿಸಿದರೆ ಹಿಂದೀಪವು ಕಣ್ಣು ಕುಕ್ಕುವಂತೆ ಉರಿದು, ಬ್ರೇಕನ್ನು ಒತ್ತಿದಾಗ ಬೆಳಕಿನಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಬುಡದಲ್ಲಿ ಒಂದೇ ಬಿಂದುವಿರುವ ಬಲ್ಬನ್ನು ಈ ಹೋಲ್ಡರಿಗೆ ತುರುಕಿದರೆ ಆ ಬಿಂದುವು ಎರಡು ತಂತಿಗಳನ್ನೂ ಕೂಡಿಸಿಬಿಡುತ್ತದೆ. ಎರಡು ತಂತುಗಳ ಬಲ್ಬಿನಲ್ಲಿ ಒಂದು ತಂತು ಮುರಿದು ಇನ್ನೊಂದರ ಮೇಲೆ ಬಿದ್ದರೂ ಹೀಗೆಯೇ. ಆಗ ಪಾರ್ಕಿಂಗ್ ದೀಪದ ವಿದ್ಯುತ್ತು ಬ್ರೇಕ್ ದೀಪದ ದಾರಿಯನ್ನು ಸೇರುತ್ತದೆ. ಎರಡನೆಯ ಭಾಗದಲ್ಲಿ ಹೇಳಿದ ಸುಳಿವಿನ ಮೂಲ ಇದೇ. ಬ್ರೇಕನ್ನು ಒತ್ತಿದಾಗ ಡ್ಯಾಶ್‌ಬೋರ್ಡಿನ ದೀಪಗಳು ಉರಿದರೂ ಇದನ್ನೇ ಶಂಕಿಸಬೇಕು. ಬಲ್ಬುಗಳನ್ನು ಒಂದೊಂದಾಗಿ ಕಳಚಿದರೆ, ಯಾವುದನ್ನು ತೆಗೆದಾಗ ದೋಷ ಮಾಯವಾಗುವುದೋ ಅದೇ ಅಪರಾಧಿ.

ಬಲ್ಬನ್ನು ಮೀಟರಿನಿಂದ ಪರೀಕ್ಷಿಸುವವರು ಒಂದು ಮಾತನ್ನು ನೆನಪಿಡಬೇಕು. ಉರಿಯುವಾಗ 21 ವಾಟ್ ತಂತುವಿನ ರೋಧ ಸುಮಾರು 7 ಓಮ್. ತಣ್ಣಗಿರುವಾಗ ಅದು ಒಂದು ಓಮಿಗಿಂತಲೂ ಕಡಿಮೆ. ಮೀಟರು ಸೊನ್ನೆಯ ಸಮೀಪವನ್ನು ತೋರಿಸಿತೆಂದು ಒಳ್ಳೆಯ ಬಲ್ಬನ್ನು ಎಸೆಯಬಾರದು.

ಬಲ್ಬು ಸರಿಯಾಗಿದ್ದು, ಬೆಳಕು ಮಾತ್ರ ಮಂದವಾಗಿದ್ದರೆ ಅರ್ಥಿಂಗನ್ನು ನೋಡಬೇಕು. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಉಪ್ಪುಗಾಳಿಯಿಂದಲೂ ಮಳೆಯ ನೀರಿನಿಂದಲೂ ಈ ಸಂಪರ್ಕಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಇದರ ಲಕ್ಷಣ ವಿಚಿತ್ರವಾಗಿರುತ್ತದೆ. ಬ್ರೇಕನ್ನು ಒತ್ತಿದಾಗ ಅದೇ ಕಡೆಯ ಹಿಂದೀಪವೋ ತಿರುವುದೀಪವೋ ಮಂದವಾಗಿ ಉರಿಯುತ್ತದೆ. ಮರಳುವ ದಾರಿ ಮುಚ್ಚಿಹೋದ ವಿದ್ಯುತ್ತು ಪಕ್ಕದ ಬಲ್ಬಿನ ತಂತುವಿನ ಮೂಲಕ ಸುತ್ತುದಾರಿಯನ್ನು ಹುಡುಕುವುದೇ ಇದಕ್ಕೆ ಕಾರಣ. ಹೋಲ್ಡರಿನ ಅರ್ಥಿಂಗ್ ತಂತಿಯಿಂದ ಕಾರಿನ ಶುಭ್ರವಾದ ಲೋಹಕ್ಕೆ ತಾತ್ಕಾಲಿಕವಾಗಿ ಒಂದು ತಂತಿಯನ್ನು ಹಿಡಿದು ನೋಡಬೇಕು. ದೀಪ ಪೂರ್ಣ ಪ್ರಕಾಶದಿಂದ ಉರಿದರೆ ರೋಗ ತಿಳಿಯಿತು. ಆ ಸಂಪರ್ಕದ ಬೋಲ್ಟನ್ನು ಬಿಚ್ಚಿ, ಉಜ್ಜುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಮರಳಿ ಕೂರಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಬೇಕು.

5. ಈ ವಿಧಾನದ ಮಿತಿ

ಎಲ್ಲ ವಾಹನಗಳ ಸ್ವಿಚ್ಚು ಪೆಡಲಿನ ಬಳಿಯೇ ಇರುವುದಿಲ್ಲ. ಕೆಲವು ಹಳೆಯ ವಾಹನಗಳಲ್ಲಿ ಅದು ಬ್ರೇಕ್ ಎಣ್ಣೆಯ ಕೊಳವೆಗೆ ಜೋಡಿಸಲ್ಪಟ್ಟು, ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ. ಅದಕ್ಕೆ ಹೊಂದಾಣಿಕೆ ಇಲ್ಲ. ಕಳಚಿದರೆ ಕೊಳವೆಯೊಳಗೆ ಗಾಳಿ ಸೇರುತ್ತದೆ. ಇಂದಿನ ಅನೇಕ ಕಾರುಗಳಲ್ಲಿ ಇದೇ ಸ್ವಿಚ್ಚು ದೀಪದ ಜೊತೆಗೆ, ಚಕ್ರ ಹಿಡಿದುಕೊಳ್ಳದಂತೆ ತಡೆಯುವ ವ್ಯವಸ್ಥೆಗೂ ಎಂಜಿನ್ನಿನ ಕಂಪ್ಯೂಟರಿಗೂ ಸಂಕೇತ ಕೊಡುತ್ತದೆ. ಅದರ ಕನೆಕ್ಟರಿನಲ್ಲಿ ನಾಲ್ಕು ಅಥವಾ ಹೆಚ್ಚು ತಂತಿಗಳಿರುತ್ತವೆ. ಅಂತಹ ಕಾರಿನಲ್ಲಿ ತಂತಿಗಳನ್ನು ಪರಸ್ಪರ ಕೂಡಿಸುವುದಾಗಲಿ, 21 ವಾಟ್ ಪರೀಕ್ಷಾದೀಪವನ್ನು ಹಿಡಿಯುವುದಾಗಲಿ ಕೂಡದು, ಕಂಪ್ಯೂಟರಿಗೆ ಹಾನಿಯಾದೀತು. ಕೆಲವು ಸ್ವಿಚ್ಚುಗಳು ಕೂರಿಸುವಾಗ ತಮ್ಮ ಸ್ಥಾನವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಅವುಗಳನ್ನು ತಿರುಪಿನಂತೆ ತಿರುಗಿಸಿದರೆ ಮುರಿಯುತ್ತವೆ. ಎಲ್ಇಡಿ ದೀಪಗಳಲ್ಲಿ ಬದಲಿಸಬಹುದಾದ ಬಲ್ಬು ಸಾಮಾನ್ಯವಾಗಿ ಇರುವುದಿಲ್ಲ. ಇಂತಹ ಕಾರುಗಳಲ್ಲಿ ನೆಲಹಾಸು, ಪೆಡಲಿನ ಗುಂಡಿ ಮತ್ತು ಫ್ಯೂಸು, ಇವಿಷ್ಟನ್ನು ನೋಡಿ, ಮಿಕ್ಕುದನ್ನು ಗ್ಯಾರೇಜಿಗೆ ಬಿಡಬೇಕು.

ಅಭ್ಯಾಸದ ಪ್ರಶ್ನೆಗಳು

1. ಸ್ವಿಚ್ಚಿನ ಕನೆಕ್ಟರನ್ನು ಕಳಚಿದರೂ ಬ್ರೇಕ್ ದೀಪ ಉರಿಯುತ್ತಿದೆ. ಹೊಸ ಸ್ವಿಚ್ಚು ಹಾಕಿದರೆ ಪ್ರಯೋಜನವುಂಟೇ?
ಉತ್ತರ: ಇಲ್ಲ. ವಿದ್ಯುತ್ತು ಬೇರೆ ದಾರಿಯಿಂದ ಬರುತ್ತಿದೆ. ಪಾರ್ಕಿಂಗ್ ದೀಪವನ್ನು ಆರಿಸಿ ನೋಡಿ, ಅನಂತರ ಹಿಂಬದಿಯ ಬಲ್ಬುಗಳನ್ನು ಒಂದೊಂದಾಗಿ ಕಳಚಿ ಪರೀಕ್ಷಿಸಬೇಕು.

2. ಸ್ವಿಚ್ಚನ್ನು ಹೊಂದಿಸಿದ ಮೇಲೆ ದೀಪ ಸರಿಯಾಗಿದೆ. ಆದರೆ ಪೆಡಲಿನ ಸಡಿಲು ಚಲನೆ ಪೂರ್ತಿ ಹೋಗಿದೆ. ಕಾರನ್ನು ಓಡಿಸಬಹುದೇ?
ಉತ್ತರ: ಓಡಿಸಬಾರದು. ಸನ್ನೆಯು ಸ್ವಿಚ್ಚಿನ ಮೈಗೆ ಒರಗಿದೆ. ಸ್ವಿಚ್ಚನ್ನು ಹಿಂದಕ್ಕೆ ತಿರುಗಿಸಿ ಸಂದನ್ನು ಸರಿಪಡಿಸಬೇಕು.

3. ಎಡಗಡೆಯ ಬ್ರೇಕ್ ದೀಪ ಚೆನ್ನಾಗಿ ಉರಿಯುತ್ತದೆ. ಬಲಗಡೆಯದು ಮಂದವಾಗಿದ್ದು, ಬ್ರೇಕನ್ನು ಒತ್ತಿದಾಗ ಅದೇ ಕಡೆಯ ತಿರುವುದೀಪವೂ ಮಿಣುಕುತ್ತದೆ. ಎಲ್ಲಿಂದ ಆರಂಭಿಸಬೇಕು?
ಉತ್ತರ: ಬಲಗಡೆಯ ಹೋಲ್ಡರಿನ ಅರ್ಥಿಂಗಿನಿಂದ. ಫ್ಯೂಸನ್ನೂ ಸ್ವಿಚ್ಚನ್ನೂ ಮುಟ್ಟುವ ಅಗತ್ಯವಿಲ್ಲ.